ಒಂದೇ ಗೇಟು, ಮೂರು ಬಿಸಿನೆಸ್: ಮ್ಯಾರಿಯಟ್ ಕಂಪನಿಯ ಹರ್ಡಲ್ ರೇಟ್ ಕಥೆ

ಇವತ್ತಿನ ಎಪಿಸೋಡ್‌ನಲ್ಲಿ ಒಂದು ನಂಬರ್‌ನ ಕಥೆ ಹೇಳ್ತೀನಿ. ಬಿ.ಕಾಂ ಮಾಡಿದವರು ಇದನ್ನ ಪರೀಕ್ಷೆಗೆ ಬಾಯಿಪಾಠ ಮಾಡಿರ್ತಾರೆ: ವೆಯ್ಟೆಡ್ ಆವರೇಜ್ ಕಾಸ್ಟ್ ಆಫ್ ಕ್ಯಾಪಿಟಲ್, ಚಿಕ್ಕದಾಗಿ ‘ವ್ಯಾಕ್’. ಪುಸ್ತಕದಲ್ಲಿ ಅದು ಐದು ಮಾರ್ಕಿನ ಲೆಕ್ಕ. ಕಂಪನಿಯೊಳಗೆ ಅದು ಗೇಟು. ಹೊಸ ಹೋಟೆಲ್ ಕಟ್ಟಬೇಕಾ, ಹೊಸ ಕಾರ್ಖಾನೆ ಹಾಕಬೇಕಾ ಅನ್ನೋದೆಲ್ಲ ಆ ಗೇಟಿನ ಎತ್ತರದ ಮೇಲೆ ನಿಂತಿರುತ್ತೆ. ಗೇಟು ದಾಟಿದ ಪ್ರಾಜೆಕ್ಟ್‌ಗೆ ದುಡ್ಡು, ದಾಟದೇ ಇದ್ದದ್ದು ಕಸದ ಬುಟ್ಟಿಗೆ. ಅದಕ್ಕೇ ಅದನ್ನ ಹರ್ಡಲ್ ರೇಟ್ ಅಂತ ಕರೀತಾರೆ.

ಮೊದಲು ಅದರ ಒಳಗೇನಿದೆ ನೋಡೋಣ. ಕಂಪನಿ ನಡೆಯೋದು ಎರಡು ಥರದ ದುಡ್ಡಲ್ಲಿ. ಒಂದು ಸಾಲ, ಇನ್ನೊಂದು ಷೇರುದಾರರ ಬಂಡವಾಳ. ಸಾಲ ಕೊಟ್ಟವರು ಬಡ್ಡಿ ಕೇಳ್ತಾರೆ, ಅದು ಕಾಗದದಲ್ಲೇ ಬರೆದಿರುತ್ತೆ. ಷೇರುದಾರರು ಏನೂ ಬರೆಸಿಕೊಂಡಿರಲ್ಲ. ಆದ್ರೆ ‘ಇಷ್ಟು ರಿಸ್ಕ್ ತಗೊಂಡಿದ್ದೀನಿ, ಇಷ್ಟಾದ್ರೂ ಸಿಗಬೇಕು’ ಅಂತ ಅವರಿಗೂ ಒಂದು ನಿರೀಕ್ಷೆ ಇರುತ್ತಲ್ವಾ, ಅದೂ ವೆಚ್ಚವೇ. ನಮ್ಮ ಬೆಂಗಳೂರಿನ ಇನ್ಫೋಸಿಸ್ ಒಂದು ಕಾಲದಲ್ಲಿ ಸಾಲವೇ ಇಲ್ಲದ ಕಂಪನಿಯಾಗಿದ್ದಾಗಲೂ ತನ್ನ ವಾರ್ಷಿಕ ವರದಿಯಲ್ಲಿ ಬಂಡವಾಳದ ವೆಚ್ಚವನ್ನ ಲೆಕ್ಕ ಹಾಕಿ ಪ್ರಕಟಿಸ್ತಿತ್ತು. ಬಡ್ಡಿ ಸೊನ್ನೆ, ಆದ್ರೆ ವೆಚ್ಚ ಸೊನ್ನೆ ಅಲ್ಲ. ಈ ಒಂದು ಮಾತು ಅರ್ಥ ಆದ್ರೆ ಅರ್ಧ ದಾರಿ ಬಂದ ಹಾಗೆ.

ಈಗ ಅಮೆರಿಕಕ್ಕೆ ಹೋಗೋಣ. 1927ರಲ್ಲಿ ವಾಷಿಂಗ್ಟನ್ ನಗರದಲ್ಲಿ ಜೆ. ವಿಲ್ಲರ್ಡ್ ಮ್ಯಾರಿಯಟ್ ಅನ್ನೋರು ರೂಟ್ ಬಿಯರ್ ಅನ್ನೋ ತಂಪು ಪಾನೀಯದ ಚಿಕ್ಕ ಅಂಗಡಿ ಹಾಕ್ತಾರೆ. ಮೊದಲ ಹೋಟೆಲ್ ಬರೋದು 1957ರಲ್ಲಿ. 1987ರ ಹೊತ್ತಿಗೆ ಅದೇ ಕಂಪನಿ ಮೂರು ಬಿಸಿನೆಸ್ ನಡೆಸ್ತಿತ್ತು. ಹೋಟೆಲ್‌ಗಳು ಒಂದು. ಏರ್‌ಲೈನ್, ಆಸ್ಪತ್ರೆ, ಆಫೀಸುಗಳಿಗೆ ಊಟ ಪೂರೈಸೋ ಕಾಂಟ್ರಾಕ್ಟ್ ಇನ್ನೊಂದು. ಮೂರನೇದು ರೆಸ್ಟೋರೆಂಟ್. ಆ ವರ್ಷ ನೂರು ಕೋಟಿ ಡಾಲರ್‌ಗಿಂತ ಹೆಚ್ಚಿನ ಹೋಟೆಲ್ ಕಟ್ಟಡಗಳನ್ನ ಅವರು ಎಬ್ಬಿಸಿದ್ರು.

ಆದ್ರೆ ಹೋಟೆಲ್ ಕಟ್ಟಿ ಅದನ್ನ ಇಟ್ಟುಕೊಳ್ತಿರಲಿಲ್ಲ. ಕಟ್ಟೋದು, ಹೂಡಿಕೆದಾರರ ಪಾಲುದಾರಿಕೆಗೆ ಮಾರೋದು, ನಡೆಸೋ ಗುತ್ತಿಗೆ ಮಾತ್ರ ತಮ್ಮ ಹತ್ರ ಉಳಿಸಿಕೊಳ್ಳೋದು. ಮಾರಿದ ದುಡ್ಡಲ್ಲಿ ಮುಂದಿನ ಹೋಟೆಲ್. ಈ ವಿಷಯ ನೆನಪಲ್ಲಿಟ್ಕೊಳ್ಳಿ, ಕೊನೆಗೆ ಬೇಕಾಗುತ್ತೆ.

ಈ ಕಂಪನಿಯ ಹರ್ಡಲ್ ರೇಟ್ ಲೆಕ್ಕವನ್ನ ಹಾರ್ವರ್ಡ್ ಬಿಸಿನೆಸ್ ಸ್ಕೂಲ್‌ನವರು ಕೇಸ್ ಸ್ಟಡಿ ಮಾಡಿದ್ದಾರೆ. ಫೈನಾನ್ಸ್ ಓದಿದವರು ಎಲ್ಲೋ ಒಂದು ಕಡೆ ಇದನ್ನ ಎದುರಿಸಿರ್ತಾರೆ. ಕಂಪನಿಯ ಒಟ್ಟು ಗುರಿ ನೂರರಲ್ಲಿ 60 ಸಾಲ, 40 ಷೇರು. ನಾನು ಇಲ್ಲಿ ಸುಲಭಕ್ಕೆ ನನ್ನದೇ ದುಂಡು ಸಂಖ್ಯೆಗಳನ್ನ ಹಾಕ್ತೀನಿ. ಸಾಲದ ಬಡ್ಡಿ 10 ಪರ್ಸೆಂಟ್ ಅಂದ್ಕೊಳ್ಳಿ. ಬಡ್ಡಿ ಕಟ್ಟಿದ್ರೆ ಅಷ್ಟರ ಮೇಲೆ ತೆರಿಗೆ ಉಳಿಯುತ್ತೆ. ತೆರಿಗೆ 40 ಪರ್ಸೆಂಟ್ ಅಂತ ಹಿಡಿದ್ರೆ ಸಾಲದ ನಿಜವಾದ ವೆಚ್ಚ 6. ಷೇರುದಾರರು ನಿರೀಕ್ಷಿಸೋದು 18 ಅನ್ನೋಣ. ಈಗ ತೂಕ ಹಾಕಿ: 6ರ ಅರವತ್ತು ಪಾಲು 3.6, 18ರ ನಲವತ್ತು ಪಾಲು 7.2. ಕೂಡಿದ್ರೆ 10.8. ಇದೇ ವ್ಯಾಕ್. ಇದಕ್ಕಿಂತ ಕಮ್ಮಿ ಗಳಿಸೋ ಪ್ರಾಜೆಕ್ಟ್ ಬೇಡ ಅಂತ ಕಂಪನಿ ಹೇಳ್ತು ಅನ್ನೋಣ.

ಕೇಳೋಕೆ ಚೆನ್ನಾಗೇ ಇದೆ. ತೊಂದರೆ ಶುರುವಾಗೋದು ಇಲ್ಲೇ. ಆ 10.8 ಯಾರದ್ದು? ಹೋಟೆಲ್, ಊಟದ ಕಾಂಟ್ರಾಕ್ಟ್, ರೆಸ್ಟೋರೆಂಟ್ ಮೂರನ್ನೂ ಒಂದೇ ಪಾತ್ರೆಗೆ ಹಾಕಿ ಕಲಸಿದಾಗ ಬಂದ ರುಚಿ ಅದು. ಹೋಟೆಲ್ ವಿಭಾಗದ ನಿಜವಾದ ವೆಚ್ಚ 9, ರೆಸ್ಟೋರೆಂಟ್‌ನದ್ದು 13 ಅಂತ ಊಹಿಸಿ. ಈಗ ಇಬ್ಬರು ಮ್ಯಾನೇಜರ್‌ಗಳು ಬಾಸ್ ಮುಂದೆ ಬಂದು ಕೂತ್ಕೊಳ್ತಾರೆ.

ಹೋಟೆಲ್‌ನವರು ಹೇಳ್ತಾರೆ: ‘10 ಕೋಟಿ ಕೊಡಿ, ವರ್ಷಕ್ಕೆ 1 ಕೋಟಿ ಬರ್ತಾನೇ ಇರುತ್ತೆ.’ 10.8ರ ಗೇಟಿನಲ್ಲಿ ಅಳೆದ್ರೆ ಆ ಆದಾಯದ ಇವತ್ತಿನ ಬೆಲೆ 9.26 ಕೋಟಿ. ಹಾಕೋದು 10, ಸಿಗೋದು 9.26. ತಿರಸ್ಕಾರ. ಆದ್ರೆ ಅದರ ಸರಿಯಾದ ಗೇಟು 9. ಅದರಲ್ಲಿ ಅಳೆದ್ರೆ ಬೆಲೆ 11.11 ಕೋಟಿ. ಅಂದ್ರೆ ಒಂದು ಕೋಟಿಗಿಂತ ಹೆಚ್ಚು ಲಾಭ ತರೋ ಹೋಟೆಲ್ ಬಾಗಿಲಲ್ಲೇ ವಾಪಸ್ ಹೋಯ್ತು.

ರೆಸ್ಟೋರೆಂಟ್‌ನವರು ಹೇಳ್ತಾರೆ: ‘10 ಕೋಟಿ ಕೊಡಿ, ವರ್ಷಕ್ಕೆ 1.2 ಕೋಟಿ ಬರುತ್ತೆ.’ 10.8ರಲ್ಲಿ ಬೆಲೆ 11.11 ಕೋಟಿ, ಚಪ್ಪಾಳೆ! ಸರಿಯಾದ 13ರಲ್ಲಿ ಬರೀ 9.23. ಸಹಿ ಬಿದ್ದ ಕ್ಷಣಕ್ಕೇ 77 ಲಕ್ಷ ಹೋಯ್ತು. ಯಾರಿಗೂ ಗೊತ್ತಾಗಲ್ಲ, ಯಾಕಂದ್ರೆ ಲೆಕ್ಕದ ಪ್ರಕಾರ ಅದು ಗೇಟು ದಾಟಿದೆ. ಇಂಥದ್ದು ನಾಲ್ಕು ವರ್ಷ ನಡೆದ್ರೆ ಏನಾಗುತ್ತೆ ಹೇಳಿ? ಕಂಪನಿ ಮೆಲ್ಲಗೆ ಹೆಚ್ಚು ರಿಸ್ಕ್ ಇರೋ ಕಡೆ ವಾಲುತ್ತೆ. ರಿಸ್ಕ್ ಕಮ್ಮಿ ಇರೋ ವಿಭಾಗ ಸೊರಗುತ್ತೆ. ಮ್ಯಾರಿಯಟ್ ಹರ್ಡಲ್ ರೇಟನ್ನ ಮ್ಯಾನೇಜರ್‌ಗಳ ಇನ್ಸೆಂಟಿವ್‌ಗೂ ಜೋಡಿಸೋ ಯೋಚನೆ ಮಾಡಿತ್ತು. ಅಂದ್ರೆ ಗೇಟಿನ ಎತ್ತರ ನಿರ್ಧರಿಸೋ ಮೀಟಿಂಗ್‌ನಲ್ಲಿ ಒಬ್ಬೊಬ್ಬರ ಜೇಬಿನ ವಿಷಯವೂ ಇತ್ತು. ಅಲ್ಲಿ ವಾದ ಜೋರಾಗದೇ ಇರುತ್ತಾ!

ಹಾಗಾದ್ರೆ ಮೂರು ಬೇರೆ ಗೇಟುಗಳನ್ನ ಹೇಗೆ ಕಂಡುಹಿಡಿಯೋದು? ಇದಕ್ಕೆ ಬೇಕಾದ ಸಲಕರಣೆ ಆಗಲೇ ತಯಾರಾಗಿತ್ತು. 1958ರಲ್ಲಿ ಪಿಟ್ಸ್‌ಬರ್ಗ್‌ನ ಕಾರ್ನೆಗೀ ಇನ್‌ಸ್ಟಿಟ್ಯೂಟ್‌ನಲ್ಲಿದ್ದ ಫ್ರಾಂಕೊ ಮೊಡಿಗ್ಲಿಯಾನಿ ಮತ್ತು ಮರ್ಟನ್ ಮಿಲ್ಲರ್ ಒಂದು ಲೇಖನ ಬರೆದ್ರು. ಸಾಲ ಅಗ್ಗ ಅಂತ ಸಾಲ ಜಾಸ್ತಿ ಮಾಡಿದ್ರೆ ಷೇರುದಾರರ ರಿಸ್ಕ್ ಏರುತ್ತೆ, ಅವರು ಜಾಸ್ತಿ ಕೇಳ್ತಾರೆ, ತೆರಿಗೆ ಲಾಭ ಬಿಟ್ರೆ ಒಟ್ಟು ವೆಚ್ಚ ಅಷ್ಟೇ ಉಳಿಯುತ್ತೆ ಅಂತ ತೋರಿಸಿದ್ರು. ಅಂದ್ರೆ ವೆಚ್ಚ ಹುಟ್ಟೋದು ಬಿಸಿನೆಸ್‌ನ ರಿಸ್ಕ್‌ನಿಂದ. 1964ರಲ್ಲಿ ವಿಲಿಯಂ ಶಾರ್ಪ್ ಆ ರಿಸ್ಕ್‌ಗೆ ಒಂದು ಅಳತೆಗೋಲು ಕೊಟ್ರು, ಅದೇ ಬೀಟಾ. ಇಡೀ ಮಾರುಕಟ್ಟೆ ಅಲುಗಾಡಿದಾಗ ಈ ಷೇರು ಎಷ್ಟು ಅಲುಗಾಡುತ್ತೆ ಅನ್ನೋ ಲೆಕ್ಕ.

ಮ್ಯಾರಿಯಟ್‌ನ ರೆಸ್ಟೋರೆಂಟ್ ವಿಭಾಗಕ್ಕೆ ಪ್ರತ್ಯೇಕ ಷೇರು ಇಲ್ಲ, ಹಾಗಾಗಿ ಅದರ ಬೀಟಾ ಕಾಣಲ್ಲ. ಆದ್ರೆ ಮೆಕ್‌ಡೊನಾಲ್ಡ್ಸ್‌ಗೆ ಇದೆ, ವೆಂಡೀಸ್‌ಗೆ ಇದೆ. ಹೋಟೆಲ್‌ಗೆ ಹಿಲ್ಟನ್ ಇದೆ. ಆ ಕಂಪನಿಗಳ ಬೀಟಾ ತಗೊಂಡು, ಅದರಲ್ಲಿ ಅವರವರ ಸಾಲದಿಂದ ಬಂದ ಅಲುಗಾಟವನ್ನ ಕಳೀಬೇಕು. ಉಳಿಯೋದು ಬರೀ ಬಿಸಿನೆಸ್‌ನ ರಿಸ್ಕ್. ಅದರ ಮೇಲೆ ಮ್ಯಾರಿಯಟ್‌ನ ಆ ವಿಭಾಗದ ಸಾಲದ ಗುರಿಯನ್ನ ಮತ್ತೆ ಏರಿಸಬೇಕು. ಗುರಿಗಳೂ ಬೇರೆ ಬೇರೆ: ಹೋಟೆಲ್‌ಗೆ 74 ಪರ್ಸೆಂಟ್ ಸಾಲ, ರೆಸ್ಟೋರೆಂಟ್‌ಗೆ 42, ಊಟದ ಕಾಂಟ್ರಾಕ್ಟ್‌ಗೆ 40. ಹೋಟೆಲ್ ಕಟ್ಟಡ ಅಡಮಾನ ಇಡಬಹುದು, ಬ್ಯಾಂಕಿನವರು ಧೈರ್ಯವಾಗಿ ಕೊಡ್ತಾರೆ. ಊಟದ ಕಾಂಟ್ರಾಕ್ಟ್‌ನಲ್ಲಿ ಅಡ ಇಡೋಕೆ ಏನಿದೆ, ಪಾತ್ರೆನಾ?

ನನಗೆ ತುಂಬ ಇಷ್ಟ ಆಗೋ ಭಾಗ ಇದು. ಬರೀ ಊಟದ ಕಾಂಟ್ರಾಕ್ಟ್ ಮಾಡೋ, ಹೋಲಿಸಬಹುದಾದ ಕಂಪನಿಯ ಅಂಕಿಅಂಶ ಆ ಕೇಸ್‌ನಲ್ಲಿ ಇಲ್ಲ. ಆಗ ಲೆಕ್ಕವನ್ನ ತಿರುಗಿಸಿ ಮಾಡ್ತಾರೆ. ಇಡೀ ಮ್ಯಾರಿಯಟ್‌ನ ರಿಸ್ಕ್ ಗೊತ್ತು, ಯಾಕಂದ್ರೆ ಅದರ ಷೇರು ಮಾರುಕಟ್ಟೆಯಲ್ಲಿದೆ. ಹೋಟೆಲ್‌ನದ್ದು, ರೆಸ್ಟೋರೆಂಟ್‌ನದ್ದು ಈಗ ತಾನೇ ಕಂಡುಹಿಡಿದಿದ್ದೇವೆ. ಒಟ್ಟರಿಂದ ಅವೆರಡರ ಪಾಲು ಕಳೆದ್ರೆ ಉಳಿದದ್ದು ಮೂರನೇದು. ಹೈಸ್ಕೂಲಿನ ಸರಾಸರಿ ಲೆಕ್ಕವೇ, ಬೇರೇನಿಲ್ಲ.

ಇನ್ನೊಂದು ಕಡೆ ಜನ ಎಡವ್ತಾರೆ. ಸಾಲದ ಬಡ್ಡಿಗೆ ಆಧಾರ ಸರ್ಕಾರಿ ಬಾಂಡ್. ಆದ್ರೆ ಎಷ್ಟು ವರ್ಷದ ಬಾಂಡ್? 1988ರ ಏಪ್ರಿಲ್‌ನಲ್ಲಿ ಅಮೆರಿಕ ಸರ್ಕಾರದ 30 ವರ್ಷದ ಬಾಂಡ್ 8.95 ಪರ್ಸೆಂಟ್ ಕೊಡ್ತಿತ್ತು, ಒಂದು ವರ್ಷದ್ದು 6.90. ಎರಡು ಪರ್ಸೆಂಟ್ ವ್ಯತ್ಯಾಸ! ಮೂವತ್ತು ವರ್ಷ ನಿಲ್ಲೋ ಹೋಟೆಲ್‌ಗೆ ಒಂದು ವರ್ಷದ ಬಡ್ಡಿ ಹಾಕಿದ್ರೆ ಗೇಟು ತಾನಾಗೇ ಕುಸಿಯುತ್ತೆ, ಏನು ತಂದ್ರೂ ದಾಟುತ್ತೆ. ಯಾವುದಾದ್ರೂ ಕಂಪನಿಯ ಲೆಕ್ಕ ನೋಡೋಕೆ ಸಿಕ್ರೆ ಮೊದಲು ಈ ಸಾಲು ಹುಡುಕಿ. ಆಮೇಲೆ, ಬೇರೆ ಬೇರೆ ವಿಭಾಗಗಳ ಕೆಳಗೆ ಒಂದೇ ಪರ್ಸೆಂಟ್ ಬರೆದಿದ್ದಾರಾ ನೋಡಿ.

ಬರೆದಿರೋ ಸಾಧ್ಯತೆ ಜಾಸ್ತಿ. 2001ರಲ್ಲಿ ಜಾನ್ ಗ್ರಹಾಂ ಮತ್ತು ಕ್ಯಾಂಪ್‌ಬೆಲ್ ಹಾರ್ವೆ 392 ಹಣಕಾಸು ಮುಖ್ಯಸ್ಥರ ಸಮೀಕ್ಷೆ ಪ್ರಕಟಿಸಿದ್ರು. ವಿದೇಶದ ಹೊಸ ಪ್ರಾಜೆಕ್ಟ್‌ಗೂ ಇಡೀ ಕಂಪನಿಯ ರೇಟನ್ನೇ ಹಾಕ್ತೀವಿ ಅಂದವರು ಅರ್ಧಕ್ಕಿಂತ ಹೆಚ್ಚು. 2015ರಲ್ಲಿ ಕ್ರೂಗರ್, ಲಾಂಡಿಯೆ, ತೆಸ್ಮಾರ್ ಅನ್ನೋ ಮೂವರು ಇದರ ಪರಿಣಾಮವನ್ನೇ ಅಳೆದ್ರು. ಹಲವು ಬಿಸಿನೆಸ್ ಇರೋ ಕಂಪನಿಗಳು ತಮ್ಮ ಮುಖ್ಯ ಬಿಸಿನೆಸ್‌ಗಿಂತ ರಿಸ್ಕ್ ಜಾಸ್ತಿ ಇರೋ ವಿಭಾಗಕ್ಕೆ ಅತಿಯಾಗಿ ದುಡ್ಡು ಸುರೀತವೆ ಅಂತ ಕಂಡುಬಂತು. ಮೇಲಿನ ರೆಸ್ಟೋರೆಂಟ್ ಮ್ಯಾನೇಜರ್ ನೆನಪಾದ್ರಾ?

ಇನ್ನು ಮ್ಯಾರಿಯಟ್‌ಗೆ ಏನಾಯ್ತು? ಹೋಟೆಲ್ ಕಟ್ಟಿ ಮಾರ್ತಿದ್ರು ಅಂದೆನಲ್ಲ. 1986ರ ತೆರಿಗೆ ಸುಧಾರಣೆ ಆ ಪಾಲುದಾರಿಕೆಗಳಿಗೆ ಇದ್ದ ತೆರಿಗೆ ಲಾಭವನ್ನ ಕತ್ತರಿಸಿತ್ತು. 1990ರ ಹೊತ್ತಿಗೆ ಅಮೆರಿಕದ ರಿಯಲ್ ಎಸ್ಟೇಟ್ ಮಾರುಕಟ್ಟೆ ಬಿತ್ತು, ಕೊಳ್ಳೋರು ಮಾಯ. ಕಟ್ಟಿದ ಹೋಟೆಲ್‌ಗಳು ಸಾಲದ ಸಮೇತ ಕಂಪನಿಯ ತಲೆ ಮೇಲೆ ಕೂತವು. ಇದಕ್ಕೆಲ್ಲ ಹರ್ಡಲ್ ರೇಟೇ ಕಾರಣ ಅಂತ ನಾನು ಹೇಳಲ್ಲ. ಗೇಟು ಎಷ್ಟೇ ಸರಿಯಾಗಿದ್ರೂ, ‘ಕಟ್ಟಿದ ಮೇಲೆ ಮಾರಾಟ ಆಗುತ್ತೆ’ ಅನ್ನೋ ಊಹೆ ಪ್ರಾಜೆಕ್ಟ್‌ನ ಆದಾಯದ ಸಾಲಿನಲ್ಲಿ ಅಡಗಿರುತ್ತೆ, ಗೇಟಿನಲ್ಲಲ್ಲ. ಆ ಊಹೆ ಬಿದ್ರೆ ಪರ್ಸೆಂಟ್ ಏನೂ ಮಾಡೋಕಾಗಲ್ಲ.

1992ರ ಅಕ್ಟೋಬರ್‌ನಲ್ಲಿ ಕಂಪನಿ ತನ್ನನ್ನೇ ಎರಡು ಮಾಡ್ಕೊಳ್ತೀನಿ ಅಂತ ಘೋಷಿಸಿತು. ಕಟ್ಟಡಗಳು, ಅವುಗಳ ಜೊತೆ ಬಹುಪಾಲು ಸಾಲ, ಹೋಸ್ಟ್ ಮ್ಯಾರಿಯಟ್ ಅನ್ನೋ ಕಂಪನಿಗೆ. ಹೋಟೆಲ್ ನಡೆಸೋ ಗುತ್ತಿಗೆಗಳು, ಕಮ್ಮಿ ಸಾಲದ ಜೊತೆ, ಮ್ಯಾರಿಯಟ್ ಇಂಟರ್‌ನ್ಯಾಷನಲ್‌ಗೆ. ಷೇರು ಬೆಲೆ ಏರ್ತು. ಬಾಂಡ್ ಬೆಲೆ ಕುಸೀತು, ಯಾಕಂದ್ರೆ ಗುತ್ತಿಗೆಯ ಆದಾಯ ನಂಬಿ ಸಾಲ ಕೊಟ್ಟವರ ಪಾಲಿಗೆ ಈಗ ಉಳಿದದ್ದು ಮಾರಾಟವಾಗದ ಕಟ್ಟಡ. ಅವರು ಕೋರ್ಟಿಗೆ ಹೋದ್ರು. ಆದ್ರೂ 1993ರ ಅಕ್ಟೋಬರ್‌ನಲ್ಲಿ ವಿಭಜನೆ ಆಯ್ತು. ಅಲ್ಲಿಂದ ಕಟ್ಟಡದ ಬಿಸಿನೆಸ್‌ಗೂ ನಡೆಸೋ ಬಿಸಿನೆಸ್‌ಗೂ ಬೇರೆ ಬೇರೆ ಷೇರು, ಬೇರೆ ಬೇರೆ ಬೀಟಾ. ಅವೆರಡರ ವೆಚ್ಚ ಬಿಡಿಸೋಕೆ ಹಿಲ್ಟನ್‌ನ ಲೆಕ್ಕ ತೆಗೆದು ನೋಡೋ ಕೆಲಸ ಇನ್ನು ಇರಲಿಲ್ಲ, ಎರಡೂ ಕಂಪನಿಗಳ ಬೆಲೆ ದಿನಾ ಪೇಪರಿನಲ್ಲೇ ಬರ್ತಿತ್ತು.