ಯಾವ ರೇಖೆ ಸರಿಯಿತು? ಬೇಡಿಕೆ–ಪೂರೈಕೆಯ ಚಿತ್ರಪ್ರಶ್ನೆಗಳೂ ರಾಮನಗರದ ಗೂಡಿನ ಮಾರುಕಟ್ಟೆಯೂ

ಅರ್ಥಶಾಸ್ತ್ರದ ಪ್ರಶ್ನೆಪತ್ರಿಕೆಗಳಲ್ಲಿ ಬೇಡಿಕೆ ಮತ್ತು ಪೂರೈಕೆಯ ರೇಖೆಗಳ ಬಗೆಗಿನ ಪ್ರಶ್ನೆಗೆ ಈಗ ಒಂದು ಸಿದ್ಧ ಅಚ್ಚು ಬಂದಿದೆ. ಒಂದು ವಾಕ್ಯದ ಸುದ್ದಿಯನ್ನು ಕೊಟ್ಟು, ಯಾವ ರೇಖೆ ಎತ್ತ ಸರಿಯುತ್ತದೆ, ಬೆಲೆ ಏರುತ್ತದೆಯೋ ಇಳಿಯುತ್ತದೆಯೋ ಎಂದು ಕೇಳಲಾಗುತ್ತದೆ. ಉತ್ತರಕ್ಕಾಗಿ ಮೇಲೆ ಕೆಳಗೆ ಬಾಣದ ಗುರುತುಗಳುಳ್ಳ ಒಂದು ಕೋಷ್ಟಕವನ್ನು ಬಾಯಿಪಾಠ ಮಾಡಿಸಲಾಗುತ್ತದೆ. ಈ ಕೋಷ್ಟಕದಿಂದ ಅಂಕ ಬರುವುದು ನಿಜವಾದರೂ, ರೇಖೆ ಎಂದರೆ ಯಾರ ಯಾವ ನಿರ್ಧಾರ, ಅದು ಎಷ್ಟು ಕಾಲದ ಮಟ್ಟಿಗೆ ನಿಂತಿರುತ್ತದೆ ಎಂಬ ಮೂಲ ವಿಚಾರಗಳು ಪ್ರಶ್ನೆಯಿಂದಲೇ ಜಾರಿಹೋಗಿವೆ. ಈ ಪ್ರಶ್ನಾಪ್ರಕಾರ ಬೆಳೆದುಬಂದ ದಾರಿಯನ್ನು ನೋಡಿದರೆ, ಅವು ಆರಂಭದಲ್ಲಿ ಪ್ರಶ್ನೆಯ ಒಳಗೇ ಇದ್ದವು ಎಂಬುದು ಗೊತ್ತಾಗುತ್ತದೆ.

ಆರಂಭದ ಕಥೆ ಚಿಕ್ಕದು. ಫ್ರಾನ್ಸಿನ ಕೂರ್ನೋ 1838ರಲ್ಲಿ ಬೇಡಿಕೆಯ ರೇಖೆಯನ್ನು ಎಳೆದನು, ಆದರೆ ಬೆಲೆಯನ್ನು ಅಡ್ಡಗೆರೆಯ ಮೇಲೆ ಇಟ್ಟನು. ಎಂಜಿನಿಯರ್ ಆಗಿದ್ದ ಫ್ಲೀಮಿಂಗ್ ಜೆಂಕಿನ್ 1870ರಲ್ಲಿ ಎರಡು ರೇಖೆಗಳನ್ನೂ ಒಂದೇ ಚಿತ್ರದಲ್ಲಿ ಕೂಡಿಸಿ ತೋರಿಸಿದನು. ಆಲ್ಫ್ರೆಡ್ ಮಾರ್ಷಲ್‌ನ 1890ರ ಗ್ರಂಥ ಬೆಲೆಯನ್ನು ಲಂಬಗೆರೆಗೆ ಏರಿಸಿ ಶಾಶ್ವತಗೊಳಿಸಿತು. ಇಂದಿಗೂ ವಿದ್ಯಾರ್ಥಿಗಳು ಕಾರಣವನ್ನು ಲಂಬದಲ್ಲೂ ಪರಿಣಾಮವನ್ನು ಅಡ್ಡದಲ್ಲೂ ಓದಬೇಕಾಗಿ ಬಂದಿರುವುದಕ್ಕೆ ಆತನೇ ಹೊಣೆ. ಆದರೆ ಮಾರ್ಷಲ್ ಇನ್ನೊಂದು ದೊಡ್ಡ ಕೆಲಸವನ್ನೂ ಮಾಡಿದನು. ದನಗಳಿಗೆ ರೋಗ ಬಂದು ಮಾಂಸ ದುಬಾರಿಯಾದಾಗ ಮೀನಿನ ಬೇಡಿಕೆ ಏರಿದರೆ ಏನಾಗುತ್ತದೆ ಎಂಬ ಪ್ರಶ್ನೆಗೆ ಆತ ಒಂದೇ ಉತ್ತರ ಕೊಡದೆ, ಆ ದಿನದ ಸಂತೆಯಲ್ಲಿ ಒಂದು, ಇರುವ ದೋಣಿ ಬಲೆಗಳಿಂದಲೇ ಹೆಚ್ಚು ಹಿಡಿಯಬಹುದಾದ ಕಾಲದಲ್ಲಿ ಇನ್ನೊಂದು, ಹೊಸ ದೋಣಿಗಳು ಬರುವ ಕಾಲದಲ್ಲಿ ಮತ್ತೊಂದು ಎಂದು ಬಿಡಿಸಿಟ್ಟನು. ‘ಯಾವ ರೇಖೆ’ ಎಂಬ ಪ್ರಶ್ನೆಯ ಜೊತೆಯಲ್ಲೇ ‘ಯಾವ ಕಾಲ’ ಎಂಬ ಪ್ರಶ್ನೆಯೂ ಹುಟ್ಟಿತ್ತು ಎಂಬುದಕ್ಕೆ ಇದು ಸಾಕ್ಷಿ.

ಎರಡನೆಯ ಘಟ್ಟದ ವಿವಾದ ಇಂದಿಗೂ ತರಗತಿಗೆ ಬಂದಿಲ್ಲ. ಅಮೆರಿಕದ ಹೆನ್ರಿ ಮೂರ್ 1914ರಲ್ಲಿ ಬೀಡುಕಬ್ಬಿಣದ ಬೆಲೆ ಮತ್ತು ಪ್ರಮಾಣಗಳ ಅಂಕಿಗಳಿಗೆ ಗೆರೆ ಹೊಂದಿಸಿ, ಬೆಲೆ ಏರಿದಂತೆ ಬೇಡಿಕೆಯೂ ಏರುತ್ತದೆ ಎಂಬ ವಿಚಿತ್ರ ತೀರ್ಮಾನವನ್ನು ಪ್ರಕಟಿಸಿದನು. 1927ರಲ್ಲಿ ಇ. ಜೆ. ವರ್ಕಿಂಗ್ ಇದರ ಗಂಟನ್ನು ಬಿಡಿಸಿದನು: ಮಾರುಕಟ್ಟೆಯಲ್ಲಿ ದಾಖಲಾಗುವ ಪ್ರತಿಯೊಂದು ಬೆಲೆಯೂ ಎರಡು ರೇಖೆಗಳು ಕೂಡುವ ಬಿಂದು, ಆದ್ದರಿಂದ ಬೇಡಿಕೆಯ ರೇಖೆ ಓಡಾಡಿ ಪೂರೈಕೆಯ ರೇಖೆ ನಿಂತಿದ್ದರೆ ಅಂಕಿಗಳು ತೋರಿಸುವುದು ಪೂರೈಕೆಯ ರೇಖೆಯನ್ನೇ, ಎರಡೂ ಓಡಾಡಿದರೆ ಅವು ಯಾವ ರೇಖೆಯನ್ನೂ ತೋರಿಸುವುದಿಲ್ಲ. ಮರುವರ್ಷ ಫಿಲಿಪ್ ರೈಟ್ ಎಣ್ಣೆಗಳ ಮೇಲಿನ ಸುಂಕವನ್ನು ಕುರಿತ ಪುಸ್ತಕದ ಅನುಬಂಧದಲ್ಲಿ ಪರಿಹಾರವನ್ನು ಸೂಚಿಸಿದನು: ಒಂದು ರೇಖೆಯನ್ನು ಮಾತ್ರ ಅಲುಗಿಸುವ ಹೊರಗಿನ ಕಾರಣವನ್ನು ಹುಡುಕಿದರೆ, ಇನ್ನೊಂದು ರೇಖೆಯ ಆಕಾರ ಹೊರಬೀಳುತ್ತದೆ.

ಇದರ ನಂತರ ಬಂದ ಪಠ್ಯಪುಸ್ತಕಗಳ ಯುಗ ಈ ಸೂಕ್ಷ್ಮಗಳನ್ನು ಸಂಶೋಧಕರಿಗೆ ಬಿಟ್ಟು, ಚಿತ್ರವನ್ನು ಮಾತ್ರ ವಿದ್ಯಾರ್ಥಿಗಳಿಗೆ ಕೊಟ್ಟಿತು. ಕರ್ನಾಟಕದ ದ್ವಿತೀಯ ಪಿಯುಸಿ ತರಗತಿಗಳು ಬಳಸುವ ಎನ್‌ಸಿಇಆರ್‌ಟಿ ಪಠ್ಯದ ಮಾರುಕಟ್ಟೆ ಸಮತೋಲನದ ಅಧ್ಯಾಯ ತನ್ನ ಮಟ್ಟಿಗೆ ಅಚ್ಚುಕಟ್ಟಾಗಿದೆ. ಸರಕಿನ ಸ್ವಂತ ಬೆಲೆ ಬದಲಾದಾಗ ಆಗುವುದು ರೇಖೆಯ ಮೇಲಿನ ಚಲನೆ, ಬೇರೆ ಅಂಶ ಬದಲಾದಾಗ ಆಗುವುದು ರೇಖೆಯ ಪಲ್ಲಟ ಎಂಬ ಭೇದ ಅಲ್ಲಿದೆ. ಎರಡು ರೇಖೆಗಳು ಒಟ್ಟಿಗೆ ಸರಿಯುವ ನಾಲ್ಕು ಸಂದರ್ಭಗಳ ಕೋಷ್ಟಕವೂ ಇದೆ. ದೋಷವಿರುವುದು ಆ ಕೋಷ್ಟಕವನ್ನೇ ಪಾಠವೆಂದು ಭಾವಿಸಿದ ಪ್ರಶ್ನಕೋಶಗಳಲ್ಲಿ. ಅವುಗಳಲ್ಲಿ ಚಹಾ–ಕಾಫಿ, ಕಾರು–ಪೆಟ್ರೋಲುಗಳೇ ತಿರುಗಿ ತಿರುಗಿ ಬರುತ್ತವೆ. ಮಾಗಡಿ ತಾಲ್ಲೂಕಿನ ಕೆಂಪಾಪುರದಿಂದಲೋ ಕನಕಪುರದ ಕಡೆಯಿಂದಲೋ ಕಾಲೇಜಿಗೆ ಬರುವ ವಿದ್ಯಾರ್ಥಿಗೆ ಕಾರಿನ ಬೇಡಿಕೆಗಿಂತ ಹತ್ತಿರದ ಮಾರುಕಟ್ಟೆಯೊಂದು ಜಿಲ್ಲೆಯಲ್ಲೇ ಇದೆ. ರಾಮನಗರದ ಸರ್ಕಾರಿ ರೇಷ್ಮೆ ಗೂಡಿನ ಮಾರುಕಟ್ಟೆ ಏಷ್ಯಾದಲ್ಲೇ ದೊಡ್ಡದೆಂದು ಹೆಸರಾಗಿದೆ. ಗೂಡಿನ ಮಾರಾಟವನ್ನು ನಿಯಂತ್ರಿಸುವ 1959ರ ರಾಜ್ಯ ಕಾಯ್ದೆಯ ಚೌಕಟ್ಟಿನಲ್ಲಿ ಅಲ್ಲಿ ರೈತರ ಲಾಟುಗಳು ಹರಾಜಾಗುತ್ತವೆ, ಕೊಳ್ಳುವವರು ಗೂಡಿನಿಂದ ನೂಲು ಬಿಚ್ಚುವ ರೀಲರ್‌ಗಳು. ಚಿತ್ರದ ಪ್ರಶ್ನೆಗೆ ಬೇಕಾದುದೆಲ್ಲ ಅಲ್ಲಿ ಒಂದೇ ಸೂರಿನಡಿ ಸಿಗುತ್ತದೆ.

ಒಂದು ಪ್ರಕರಣವನ್ನು ಬಿಡಿಸಿ ನೋಡಬಹುದು. 2011–12ರ ಕೇಂದ್ರ ಬಜೆಟ್ಟು ಕಚ್ಚಾ ರೇಷ್ಮೆಯ ಮೇಲಿನ ಆಮದು ಸುಂಕವನ್ನು ಶೇ. 30ರಿಂದ ಶೇ. 5ಕ್ಕೆ ಇಳಿಸಿತು. ರಾಮನಗರದ ಗೂಡಿನ ಬೆಲೆಯ ಮೇಲೆ ಇದರ ಪರಿಣಾಮವೇನು ಎಂದು ಕೇಳಿದರೆ, ಆಮದು ಹೆಚ್ಚಿತು, ಆದ್ದರಿಂದ ಪೂರೈಕೆಯ ರೇಖೆ ಬಲಕ್ಕೆ ಸರಿಯಿತು, ಬೆಲೆ ಇಳಿಯಿತು ಎಂಬ ಉತ್ತರವೇ ಸಾಮಾನ್ಯವಾಗಿ ಬರುತ್ತದೆ. ಬೆಲೆಯ ದಿಕ್ಕು ಸರಿ, ರೇಖೆ ತಪ್ಪು. ಆಮದಾಗುವುದು ನೂಲು, ಗೂಡಲ್ಲ. ನೂಲಿನ ಚಿತ್ರದಲ್ಲಿ ಪೂರೈಕೆ ಬಲಕ್ಕೆ ಸರಿದು ನೂಲಿನ ಬೆಲೆ ಇಳಿಯುತ್ತದೆ; ಗೂಡಿನ ಚಿತ್ರ ಬೇರೆಯೇ ಆಗಿದ್ದು, ಅಲ್ಲಿ ನೂಲಿನ ಬೆಲೆ ರೀಲರ್‌ನ ಆದಾಯವಾದ್ದರಿಂದ ಸರಿಯುವುದು ಬೇಡಿಕೆಯ ರೇಖೆ, ಅದೂ ಎಡಕ್ಕೆ. ಹೀಗೆ ಒಂದು ಸರಕಿನಿಂದ ತಯಾರಾಗುವ ಇನ್ನೊಂದು ಸರಕಿನ ಬೇಡಿಕೆಯಿಂದ ಹುಟ್ಟುವ ಬೇಡಿಕೆಯನ್ನು ಜನ್ಯ ಬೇಡಿಕೆ ಎನ್ನುತ್ತಾರೆ. ಎರಡು ಉತ್ತರಗಳಿಗಿರುವ ವ್ಯತ್ಯಾಸವನ್ನು ಪ್ರಮಾಣ ಬಯಲು ಮಾಡುತ್ತದೆ: ಪೂರೈಕೆ ಹೆಚ್ಚಿದ್ದರೆ ಮಾರಾಟವಾಗುವ ಗೂಡು ಹೆಚ್ಚಬೇಕಿತ್ತು, ಬೇಡಿಕೆ ತಗ್ಗಿದ್ದರೆ ಅದು ಕಾಲಕ್ರಮದಲ್ಲಿ ಕಡಿಮೆಯಾಗಬೇಕು. ಬೆಲೆಯೊಂದನ್ನೇ ಕೇಳಿ ಪ್ರಮಾಣವನ್ನು ಕೇಳದ ಪ್ರಶ್ನೆ ತಪ್ಪು ತರ್ಕಕ್ಕೂ ಪೂರ್ಣಾಂಕ ಕೊಡುತ್ತದೆ.

ರೇಖೆ ಎಷ್ಟು ಸರಿಯುತ್ತದೆ ಎಂಬುದನ್ನೂ ಇಲ್ಲಿ ಲೆಕ್ಕ ಹಾಕಬಹುದು. ಒಂದು ಕಿಲೋ ನೂಲಿಗೆ ಬೇಕಾಗುವ ಗೂಡಿನ ತೂಕವನ್ನು ಈ ಉದ್ಯಮದಲ್ಲಿ ರೆಂಡಿಟ್ಟಾ ಎನ್ನುತ್ತಾರೆ. ಅದು 8 ಎಂದಿಟ್ಟುಕೊಂಡರೆ, ನೂಲಿನ ಬೆಲೆ ಕಿಲೋಗೆ 800 ರೂಪಾಯಿ ಇಳಿದಾಗ, ಕೂಲಿ, ಸೌದೆಗಳ ಖರ್ಚು ಹಾಗೆಯೇ ಇದ್ದರೆ, ರೀಲರ್ ಒಂದು ಕಿಲೋ ಗೂಡಿಗೆ ಮೊದಲಿಗಿಂತ 100 ರೂಪಾಯಿ ಕಡಿಮೆ ಕೂಗಬಲ್ಲನು. ಅಂದರೆ ಬೇಡಿಕೆಯ ರೇಖೆ ಪ್ರತಿ ಪ್ರಮಾಣದಲ್ಲೂ 100 ರೂಪಾಯಿ ಕೆಳಗಿಳಿಯುತ್ತದೆ. ಮುಂದಿನ ಅಂಕಿಗಳು ಕೇವಲ ಉದಾಹರಣೆಗಾಗಿ. ಗೂಡು ಕಿಲೋಗೆ 400 ರೂಪಾಯಿ ಇದ್ದಾಗ ರೀಲರ್‌ಗಳು 60 ಟನ್ ಕೊಳ್ಳುತ್ತಾರೆ, ಬೆಲೆ 10 ರೂಪಾಯಿ ಇಳಿದರೆ 1 ಟನ್ ಹೆಚ್ಚು ಕೊಳ್ಳುತ್ತಾರೆ. ರೈತರು 400 ರೂಪಾಯಿಗೆ 60 ಟನ್ ಬೆಳೆಯುತ್ತಾರೆ, ಬೆಲೆ 10 ರೂಪಾಯಿ ಇಳಿದರೆ ಮುಂದೆ 1 ಟನ್ ಕಡಿಮೆ ಬೆಳೆಯುತ್ತಾರೆ ಎಂದಿರಲಿ.

ಸುಂಕ ಇಳಿದ ಸುದ್ದಿ ಬಂದ ದಿನ 60 ಟನ್ ಗೂಡು ಆಗಲೇ ಮಾರುಕಟ್ಟೆಗೆ ಬಂದಿದೆ. ರೈತ ಅದನ್ನು ಮನೆಗೆ ಒಯ್ದು ಕಾಯುವಂತಿಲ್ಲ. ಹುಳು ಗೂಡು ಕಟ್ಟಿದ ಹತ್ತು ಹನ್ನೆರಡು ದಿನಗಳಲ್ಲಿ ಚಿಟ್ಟೆ ಗೂಡನ್ನು ತೂತು ಮಾಡಿ ಹೊರಬರುತ್ತದೆ, ಆಮೇಲೆ ಅದರಿಂದ ಎಳೆ ಬಿಚ್ಚಲು ಬರುವುದಿಲ್ಲ. ಹಾಗಾಗಿ ಆ ದಿನದ ಪೂರೈಕೆಯ ರೇಖೆ ನೆಟ್ಟಗೆ ನಿಂತ ಲಂಬಗೆರೆ, ಬೇಡಿಕೆ ಇಳಿದ 100 ರೂಪಾಯಿಯೂ ಬೆಲೆಯ ಮೇಲೆಯೇ ಬಿದ್ದು ಅದು 300ಕ್ಕೆ ಬರುತ್ತದೆ. ಮುಂದಿನ ಬೆಳೆಗಳಲ್ಲಿ ರೈತರು ಮೊಟ್ಟೆ ಕಡಿಮೆ ತಂದು ಚಾಕಿ ಕಟ್ಟುತ್ತಾರೆ; ಕೊನೆಗೆ ಎರಡು ರೇಖೆಗಳು ಕೂಡುವುದು 350 ರೂಪಾಯಿ, 55 ಟನ್‌ಗಳಲ್ಲಿ. ಬೆಲೆ 300ರಿಂದ 350ಕ್ಕೆ ಚೇತರಿಸಿಕೊಂಡುದನ್ನು ಪೂರೈಕೆ ಎಡಕ್ಕೆ ಸರಿದ ಫಲ ಎನ್ನುವುದು ಎರಡನೆಯ ಸಾಮಾನ್ಯ ತಪ್ಪು. ದಿನದ ಲಂಬಗೆರೆ ಎಡಕ್ಕೆ ಬಂದಿರುವುದು ನಿಜ, ಆದರೆ ದೀರ್ಘಾವಧಿಯ ಪೂರೈಕೆಯ ರೇಖೆ ಇದ್ದಲ್ಲೇ ಇದೆ. ರೈತರು ಅದರ ಮೇಲೆಯೇ ಕೆಳಗಿಳಿದಿದ್ದಾರೆ. ರೈತರು ನಿನ್ನೆಯ ಬೆಲೆಯನ್ನೇ ನಾಳೆಯದೆಂದು ನಂಬಿದರೆ ದಾರಿ ಇನ್ನೂ ಡೊಂಕಾಗುತ್ತದೆ: 300ನ್ನು ನೋಡಿ 50 ಟನ್ ಬೆಳೆದರೆ ಬೆಲೆ 400ಕ್ಕೆ ಜಿಗಿಯುತ್ತದೆ, 400ನ್ನು ನೋಡಿ 60 ಟನ್ ಬೆಳೆದರೆ ಮತ್ತೆ 300. ಮೊರ್ಡಿಕಾಯ್ ಎಜೆಕಿಯಲ್ 1938ರಲ್ಲಿ ವಿವರಿಸಿದ ಜೇಡರಬಲೆಯ ಪ್ರಮೇಯ ಇದೇ. ವರ್ಷಕ್ಕೆ ಹಲವು ಬೆಳೆ ತೆಗೆಯುವ ರೇಷ್ಮೆಗೆ ಅದು ಪೂರ್ತಿ ಹೊಂದುವುದಿಲ್ಲ, ಹಿಪ್ಪುನೇರಳೆ ತೋಟವಂತೂ ಒಂದು ಹರಾಜಿನ ಬೆಲೆಗೆ ಕಿತ್ತುಹೋಗುವುದಿಲ್ಲ. ಆದರೂ ಏರಿಳಿತವನ್ನೆಲ್ಲ ದಲ್ಲಾಳಿಗಳ ಕೈವಾಡವೆಂದು ಬರೆಯುವ ಉತ್ತರಗಳಿಗೆ ಈ ಲೆಕ್ಕ ಮದ್ದು.

ಎರಡು ರೇಖೆಗಳೂ ಸರಿಯುವ ಪ್ರಶ್ನೆಯಲ್ಲಿ ಕೋಷ್ಟಕದ ಬಡತನ ಇನ್ನೂ ಸ್ಪಷ್ಟ. ಮಳೆ ಹಿಡಿದು ಹುಳು ಸಾಕಣೆ ಕೆಟ್ಟರೆ ಗೂಡು ಕಡಿಮೆ ಬರುತ್ತದೆ, ಹಾಗಾಗಿ ಬೆಲೆ ಏರಲೇಬೇಕು ಎಂದು ಬರೆಯುವುದು ರೂಢಿ. ಆದರೆ ಹುಳು ಚಂದ್ರಿಕೆಯಲ್ಲಿ ಗೂಡು ಕಟ್ಟುವ ಹೊತ್ತಿನಲ್ಲಿ ತೇವ ಹೆಚ್ಚಿದ್ದರೆ ಎಳೆ ಸರಾಗವಾಗಿ ಬಿಚ್ಚದೆ ತುಂಡಾಗುತ್ತದೆ, ರೆಂಡಿಟ್ಟಾ ಏರುತ್ತದೆ, ಅಂಥ ಗೂಡಿಗೆ ರೀಲರ್ ಕಡಿಮೆ ಕೂಗುತ್ತಾನೆ. ಮೇಲಿನ ಉದಾಹರಣೆಯಲ್ಲೇ ಮೊದಲ ಸ್ಥಿತಿಯಿಂದ ಲಾಟುಗಳು 60 ಟನ್‌ನಿಂದ 55ಕ್ಕೆ ಇಳಿದರೆ ಬೆಲೆ 450 ಆಗಬೇಕು. ಆದರೆ ಗುಣಮಟ್ಟ ಕೆಟ್ಟು ರೀಲರ್‌ಗಳು 80 ರೂಪಾಯಿ ಕಡಿಮೆ ಕೂಗಿದರೆ ಅದು 370ಕ್ಕೆ ನಿಲ್ಲುತ್ತದೆ, 20 ರೂಪಾಯಿ ಮಾತ್ರ ಕಡಿಮೆ ಕೂಗಿದರೆ 430ಕ್ಕೆ. ಪ್ರಮಾಣ ತಗ್ಗುವುದು ಖಚಿತ, ಬೆಲೆ ಅನಿಶ್ಚಿತ. ‘ಅನಿಶ್ಚಿತ’ ಎಂಬ ಒಂದು ಪದಕ್ಕೆ ಅಂಕ ಕೊಟ್ಟು ಮುಗಿಸುವ ಪದ್ಧತಿ, ಯಾವ ಅಂಕಿ ಸಿಕ್ಕರೆ ಅದು ನಿಶ್ಚಿತವಾಗುತ್ತದೆ ಎಂದು ಕೇಳುವ ಅವಕಾಶವನ್ನು ಕೈಬಿಡುತ್ತದೆ.

ಕೊನೆಯದಾಗಿ ವರ್ಕಿಂಗ್ ಮತ್ತು ರೈಟ್ ಎತ್ತಿದ ಪ್ರಶ್ನೆ ಪದವಿ ತರಗತಿಗಳ ಪತ್ರಿಕೆಗಳಲ್ಲೂ ಅಪರೂಪ. ಗೂಡಿನ ಮಾರುಕಟ್ಟೆಯಲ್ಲಿ ಹರಾಜಾದ ತೂಕ ಮತ್ತು ಬೆಲೆ ದಿನದಿನವೂ ದಾಖಲಾಗುತ್ತವೆ; ಆ ಬಿಂದುಗಳನ್ನು ಸೇರಿಸಿ ಎಳೆದ ಗೆರೆಯನ್ನು ಬೇಡಿಕೆಯ ರೇಖೆ ಎಂದು ಕರೆಯುವುದು ಮೂರ್ ಮಾಡಿದ ತಪ್ಪಿನ ಪುನರಾವೃತ್ತಿ. ಬೇಡಿಕೆಯ ಇಳಿಜಾರನ್ನು ಅಳೆಯಲು ಪೂರೈಕೆಯನ್ನು ಮಾತ್ರ ಅಲುಗಿಸುವ ಕಾರಣ ಬೇಕು. ಸುಮಾರು ಒಂದು ತಿಂಗಳ ಹಿಂದೆ ರೈತರಿಗೆ ವಿತರಣೆಯಾದ ಮೊಟ್ಟೆಗಳ ಸಂಖ್ಯೆ ಅದಕ್ಕೆ ತಕ್ಕಮಟ್ಟಿಗೆ ಒದಗುತ್ತದೆ, ರೈತರು ಮುಂದಿನ ನೂಲಿನ ಬೆಲೆಯನ್ನು ಊಹಿಸಿಯೇ ಮೊಟ್ಟೆ ತಂದಿರದಿದ್ದರೆ. ಪೂರೈಕೆಯ ಇಳಿಜಾರಿಗೆ ಬೇಡಿಕೆಯನ್ನು ಮಾತ್ರ ಅಲುಗಿಸಿದ ಕಾರಣ ಬೇಕು. 2011ರ ಸುಂಕದ ಇಳಿಕೆಯೂ, 2013–14ರ ಬಜೆಟ್ಟಿನಲ್ಲಿ ಅದೇ ಸುಂಕ ಶೇ. 5ರಿಂದ 15ಕ್ಕೆ ಏರಿದ್ದೂ ಅದಕ್ಕೆ ಹೊಂದುತ್ತವೆ, ಎರಡನ್ನೂ ತೀರ್ಮಾನಿಸಿದ್ದು ರಾಮನಗರದ ಹರಾಜುಕಟ್ಟೆಯಿಂದ ದೂರದಲ್ಲಿ. ಮಳೆ ಮಾತ್ರ ಈ ಕೆಲಸಕ್ಕೆ ಬಾರದು, ಅದು ಎರಡು ರೇಖೆಗಳನ್ನೂ ಒಟ್ಟಿಗೆ ಅಲುಗಿಸುತ್ತದೆ. ಈ ಮೂರರಲ್ಲಿ ಯಾವುದು ಯಾವ ರೇಖೆಯನ್ನು ಅಳೆಯಲು ಒದಗುತ್ತದೆ, ಏಕೆ ಎಂಬ ಪ್ರಶ್ನೆಗೆ ಬಾಣಗಳ ಕೋಷ್ಟಕದಲ್ಲಿ ಉತ್ತರವಿಲ್ಲ.