ದಶಾಂಶ ಬಿಂದುವಿನ ಜಾಗ: ಮಂಗನ ಕಾಯಿಲೆಯ ಸೀಮೆಯಲ್ಲಿ ಪ್ಲೇಟ್‌ಲೆಟ್ ವರದಿ ಮತ್ತು ಔಷಧ ಪ್ರಮಾಣಪಟ್ಟಿಯ ಪರಿಶೀಲನೆ

ಪೀಠಿಕೆ

ಮಂಗನ ಕಾಯಿಲೆಯನ್ನು ಮೊದಲು ಗುರುತಿಸಿದ್ದು 1957ರಲ್ಲಿ, ಶಿವಮೊಗ್ಗ ಜಿಲ್ಲೆ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಸೊರಬ, ಸಾಗರಗಳಿಗೆ ತಾಗಿಕೊಂಡಿರುವ ಸಿದ್ದಾಪುರ ತಾಲ್ಲೂಕು 2020 ಮತ್ತು 2024ರಲ್ಲಿ ಈ ಕಾಯಿಲೆಯಿಂದ ವಿಶೇಷವಾಗಿ ನಲುಗಿತು. ಮಳೆಗಾಲ ಕಳೆದು ಕಾಡು ಒಣಗತೊಡಗಿದ ಮೇಲೆ ಉಣ್ಣಿಯ ಮರಿಗಳು ಹೆಚ್ಚುತ್ತವೆ. ಅಡಿಕೆ ತೋಟಕ್ಕೆ ಸೊಪ್ಪು, ಒಣ ಎಲೆ ತರಲು ಬೆಟ್ಟಕ್ಕೆ ಹೋಗುವವರಿಗೆ ಅವು ಕಚ್ಚುತ್ತವೆ. ಜ್ವರ ಬಂದ ಮೊದಲ ವಾರದಲ್ಲಿ ರಕ್ತದ ಪ್ಲೇಟ್‌ಲೆಟ್ ಮತ್ತು ಬಿಳಿಕಣಗಳ ಎಣಿಕೆ ಇಳಿಯುವುದು, ಯಕೃತ್ತಿನ ಕಿಣ್ವಗಳು ಏರುವುದು ಈ ಕಾಯಿಲೆಯ ಸಾಮಾನ್ಯ ಲಕ್ಷಣ.

ವೈರಾಣುವನ್ನೇ ಕೊಲ್ಲುವ ಔಷಧ ಇದಕ್ಕಿಲ್ಲ. ರಕ್ತಸ್ರಾವದ ಅಪಾಯ ಇರುವುದರಿಂದ ಆಸ್ಪಿರಿನ್, ಐಬುಪ್ರೊಫೆನ್‌ನಂಥ ನೋವುನಿವಾರಕಗಳನ್ನು ಕೊಡುವುದಿಲ್ಲ. ಜ್ವರಕ್ಕೆ ಉಳಿಯುವುದು ಪ್ಯಾರಸಿಟಮಾಲ್. ಹಾಗಾಗಿ ರೋಗಿಯ ಆರೈಕೆಯಲ್ಲಿ ಎರಡು ಕಾಗದಗಳ ಮೇಲೆ ಹೆಚ್ಚಿನ ಭಾರ ಬೀಳುತ್ತದೆ: ರಕ್ತಕಣಗಳ ಎಣಿಕೆಯ ವರದಿ, ಮಕ್ಕಳಿಗೆ ಪ್ಯಾರಸಿಟಮಾಲ್ ಎಷ್ಟೆಂದು ಹೇಳುವ ಪ್ರಮಾಣಪಟ್ಟಿ. ಈ ಎರಡರಲ್ಲಿ ಅಳತೆಯ ಮಾನ ಬದಲಾಗುವಾಗ ದಶಾಂಶ ಬಿಂದು ಹೇಗೆ ಜಾರುತ್ತದೆ, ಅದನ್ನು ಹೇಗೆ ಹಿಡಿಯಬಹುದು ಎಂಬುದೇ ಈ ಲೇಖನದ ವಸ್ತು.

ಒಂದೇ ಎಣಿಕೆ, ನಾಲ್ಕು ಬರಹ

ಪ್ಲೇಟ್‌ಲೆಟ್ ಎಣಿಕೆಯನ್ನು ನಮ್ಮಲ್ಲಿ ನಾಲ್ಕು ಬಗೆಯಲ್ಲಿ ಬರೆಯುತ್ತಾರೆ. ಒಂದು ಘನ ಮಿಲಿಮೀಟರ್ ಎಂದರೂ ಒಂದು ಮೈಕ್ರೋಲೀಟರ್ ಎಂದರೂ ಗಾತ್ರ ಒಂದೇ. ಒಂದು ಲೀಟರಿನಲ್ಲಿ ಹತ್ತು ಲಕ್ಷ ಮೈಕ್ರೋಲೀಟರ್ ಇವೆ. ಆದ್ದರಿಂದ ಕೆಳಗಿನ ನಾಲ್ಕೂ ಸಾಲುಗಳು ಒಂದೇ ರಕ್ತದ ಒಂದೇ ಸ್ಥಿತಿಯನ್ನು ಹೇಳುತ್ತವೆ.

| ಬರೆಯುವ ಮಾನ | ಬರಹ |
|---|---|
| ಘನ ಮಿ.ಮೀ.ಗೆ ಪೂರ್ಣ ಸಂಖ್ಯೆ | 38,000 |
| ಘನ ಮಿ.ಮೀ.ಗೆ ಲಕ್ಷ | 0.38 |
| ಯಂತ್ರದ ಪರದೆ: `10^3/µL` | 38 |
| ಯಂತ್ರದ ಪರದೆ: `10^9/L` | 38 |

ಯಂತ್ರದ ಸಂಖ್ಯೆಯನ್ನು ಲಕ್ಷಕ್ಕೆ ತರಲು ನೂರರಿಂದ ಭಾಗಿಸಬೇಕು. ಅದೇ ಪರದೆಯ ಮೇಲಿನ ಸಾಲಿನಲ್ಲಿರುವ ಬಿಳಿಕಣಗಳ ಎಣಿಕೆಯನ್ನು ಪೂರ್ಣ ಸಂಖ್ಯೆಗೆ ತರಲು ಸಾವಿರದಿಂದ ಗುಣಿಸಬೇಕು. `WBC 2.4` ಎಂದರೆ 2,400. ಒಂದೇ ಕೋಷ್ಟಕದಲ್ಲಿ ಒಂದು ಸಾಲಿಗೆ ಗುಣಾಕಾರ, ಇನ್ನೊಂದಕ್ಕೆ ಭಾಗಾಕಾರ. ಗುಣಕಗಳೂ ಬೇರೆ ಬೇರೆ. ವರದಿಯ ನಮೂನೆಗೆ ಸಂಖ್ಯೆಗಳನ್ನು ಕೈಯಿಂದ ಇಳಿಸುವಲ್ಲಿ ತಪ್ಪು ಹುಟ್ಟುವ ಜಾಗ ಇದು.

ರೋಗಿ ಊರಿಂದೂರಿಗೆ ಹೋಗುವಾಗ ಈ ತೊಡಕು ಹೆಚ್ಚುತ್ತದೆ. ಸಿದ್ದಾಪುರದ ಹಳ್ಳಿಯವರು ಸಾಗರಕ್ಕೋ ಶಿವಮೊಗ್ಗಕ್ಕೋ ಹೋಗುತ್ತಾರೆ, ಶಿರಸಿಯಿಂದ ಮಣಿಪಾಲಕ್ಕೆ ಕಳಿಸುವುದುಂಟು, ಯಲ್ಲಾಪುರದವರಿಗೆ ಹುಬ್ಬಳ್ಳಿ ಹತ್ತಿರದ ದಾರಿ. ಮೂರು ದಿನದ ವರದಿಗಳು ಮೂರು ಕಡೆಯಿಂದ, ಮೂರು ಮಾನಗಳಲ್ಲಿ ಒಂದೇ ಚೀಲದಲ್ಲಿ ಸೇರಿರುತ್ತವೆ.

ಹತ್ತುಪಟ್ಟಿನ ತಪ್ಪು ಮರೆಯಾಗುವ ಪಟ್ಟಿ

ದಶಾಂಶದ ಎಲ್ಲ ತಪ್ಪುಗಳೂ ಒಂದೇ ಸಮ ಅಪಾಯಕಾರಿಯಲ್ಲ. 38,000ದ ಬದಲು 38 ಲಕ್ಷ ಎಂದು ಬರೆದರೆ ನೋಡಿದವರು ನಂಬುವುದಿಲ್ಲ. ನಂಬಿಕೆ ಹುಟ್ಟಿಸುವ ತಪ್ಪು ಹತ್ತುಪಟ್ಟಿನದು. ವಯಸ್ಕರ ಸಹಜ ಎಣಿಕೆ ಸುಮಾರು 1.5ರಿಂದ 4.5 ಲಕ್ಷ. ಇದನ್ನು ಹತ್ತರಿಂದ ಭಾಗಿಸಿದರೆ ಸಿಗುವುದು 15,000ದಿಂದ 45,000. ಅಂದರೆ ವೈದ್ಯರು ಅತ್ಯಂತ ಎಚ್ಚರದಿಂದ ನೋಡಬೇಕಾದ ಈ ಪಟ್ಟಿಯ ಯಾವ ಎಣಿಕೆಯೇ ಆಗಲಿ, ಬಿಂದು ಒಂದು ಮನೆ ಜಾರಿದರೆ ನೇರವಾಗಿ ಸಹಜ ಮಿತಿಯೊಳಗೆ ಬಂದು ಕೂರುತ್ತದೆ. ವರದಿಯಲ್ಲಿ ಕೆಂಪು ಗುರುತು ಬೀಳುವುದಿಲ್ಲ, ಯಾರಿಗೂ ಅನುಮಾನ ಬರುವುದಿಲ್ಲ. ಇದರ ತಿರುವುಮುರುವೂ ನಿಜ: ಸಹಜ ಎಣಿಕೆ ಹತ್ತುಪಟ್ಟು ಕುಗ್ಗಿ ಬರೆಯಲ್ಪಟ್ಟರೆ ರೋಗಿಯನ್ನು ಸುಮ್ಮನೆ ದೂರದ ಆಸ್ಪತ್ರೆಗೆ ಸಾಗಿಸಬೇಕಾದೀತು.

ಬಿಳಿಕಣಗಳಿಗೆ ಈ ತೊಂದರೆ ಅಷ್ಟಿಲ್ಲ. 2,400 ಹತ್ತುಪಟ್ಟಾದರೆ 24,000 ಆಗುತ್ತದೆ, ಅದು ಸಹಜ ಮಿತಿಯನ್ನು ಮೀರಿರುವುದರಿಂದ ತಾನೇ ಕಣ್ಣಿಗೆ ಬೀಳುತ್ತದೆ. ಸಹಜ ಮಿತಿಯೊಳಗಿದೆಯೇ ಎಂದಷ್ಟೇ ನೋಡುವ ಪರಿಶೀಲನೆ ಪ್ಲೇಟ್‌ಲೆಟ್‌ಗೆ ಸಾಲದು.

ಒಂದು ಮಾದರಿ ಪ್ರಸಂಗ

ಲೆಕ್ಕ ಸ್ಪಷ್ಟವಾಗಲು ಒಂದು ಕಲ್ಪಿತ ಪ್ರಸಂಗವನ್ನು ಕಟ್ಟಿಕೊಳ್ಳೋಣ. ತೋಟದ ಕೆಲಸಗಾರನೊಬ್ಬನಿಗೆ ಜ್ವರದ ಮೂರನೆಯ ದಿನ ಪ್ಲೇಟ್‌ಲೆಟ್ 1.32 ಲಕ್ಷ. ಐದನೆಯ ದಿನ ಇನ್ನೊಂದು ಪ್ರಯೋಗಾಲಯದ ಯಂತ್ರ `WBC 2.4`, `PLT 38` ಎಂದು ತೋರಿಸುತ್ತದೆ. ವರದಿಯ ನಮೂನೆಯಲ್ಲಿ ಪ್ಲೇಟ್‌ಲೆಟ್ ಕಾಲಂ ಲಕ್ಷದಲ್ಲಿದೆ. ಅಲ್ಲಿ 3.8 ಎಂದು ಅಚ್ಚಾಗುತ್ತದೆ. ದಿನವೂ 2.1, 3.4 ಎಂಬಂಥ ಸಂಖ್ಯೆಗಳನ್ನು ಬರೆದು ರೂಢಿಯಾದ ಕೈ, ಮೊದಲ ಅಂಕಿಯ ನಂತರವೇ ಬಿಂದುವನ್ನು ಇಟ್ಟುಬಿಡುತ್ತದೆ.

ಬರೆದವರು ಮರುಪರಿಶೀಲಿಸಲೆಂದು 3.8ನ್ನು ಹತ್ತರಿಂದ ಗುಣಿಸಿದರೆ 38 ಮರಳಿ ಸಿಗುತ್ತದೆ, ಲೆಕ್ಕ ತಾಳೆಯಾದಂತೆ ಕಾಣುತ್ತದೆ. ಹೋಗುವಾಗ ಬಳಸಿದ ತಪ್ಪು ಗುಣಕವನ್ನೇ ಬರುವಾಗಲೂ ಬಳಸಿದರೆ ತಪ್ಪು ಎಂದಿಗೂ ಹೊರಬೀಳದು. ಎರಡನೆಯ ವ್ಯಕ್ತಿ ಬಂದು ಅದೇ ಹಾಳೆಯ ಮೇಲೆ ಕಣ್ಣಾಡಿಸಿ ಸಹಿ ಹಾಕಿದರೂ ಫಲ ಅಷ್ಟೇ. ಪರಿಶೀಲನೆ ಬೇರೆ ದಾರಿಯಿಂದ ಅದೇ ಜಾಗಕ್ಕೆ ಬರಬೇಕು. ಅಂಥ ದಾರಿಗಳು ಮೂರಿವೆ.

ಮೊದಲನೆಯದು ಪೂರ್ಣ ಸಂಖ್ಯೆಯ ದಾರಿ. ಯಂತ್ರದ 38ನ್ನು ಸಾವಿರದಿಂದ ಗುಣಿಸಿ 38,000 ಎಂದು ಬರೆದುಕೊಂಡು ಅಂಕಿಗಳನ್ನು ಎಣಿಸಬೇಕು. ಒಂದು ಲಕ್ಷಕ್ಕೆ ಆರು ಅಂಕಿ ಬೇಕು. ಇಲ್ಲಿರುವುದು ಐದು. ಹಾಗಿದ್ದಮೇಲೆ ಲಕ್ಷದ ಬರಹದಲ್ಲಿ ಬಿಂದುವಿನ ಹಿಂದೆ ಸೊನ್ನೆ ಬಿಟ್ಟು ಬೇರೇನೂ ಇರಲಾರದು. ಕಂಪ್ಯೂಟರ್ ಹಾಳೆಯಲ್ಲಿ ಯಂತ್ರದ ಸಂಖ್ಯೆ B2ರಲ್ಲಿ, ಲಕ್ಷದ ಸಂಖ್ಯೆ C2ರಲ್ಲಿ ಇದ್ದರೆ ಈ ತಾಳೆಯನ್ನು ಹೀಗೆ ಬರೆಯಬಹುದು:

```
=IF(ABS(B2*1000-C2*100000)<500,"ಸರಿ","ಮತ್ತೆ ನೋಡಿ")
```

ಎರಡೂ ಸಂಖ್ಯೆಗಳನ್ನು ಅವುಗಳ ಮಾನದ ಅರ್ಥದಿಂದಲೇ ಪೂರ್ಣ ಎಣಿಕೆಗೆ ತಂದು ಹೋಲಿಸುವುದರಿಂದ, ಬರೆದವರ ಗುಣಕ ಇಲ್ಲಿ ಒಳಗೆ ಬರುವುದೇ ಇಲ್ಲ. 0.38 ಇದ್ದರೆ ಸರಿ ಎನ್ನುತ್ತದೆ, 3.8 ಇದ್ದರೆ ತಡೆಯುತ್ತದೆ. ಆದರೆ ಯಂತ್ರದ ಸಂಖ್ಯೆಯನ್ನೇ ತಪ್ಪಾಗಿ ಒತ್ತಿದ್ದರೆ ಈ ಸೂತ್ರಕ್ಕೆ ಅದು ಗೊತ್ತಾಗದು.

ಆ ಕೊರತೆಯನ್ನು ತುಂಬುವುದು ಎರಡನೆಯ ದಾರಿ, ಗಾಜಿನ ಮೇಲಿನ ರಕ್ತಲೇಪ. ನೂರುಪಟ್ಟಿನ ಎಣ್ಣೆ ಮಸೂರದಡಿ ಹತ್ತು ಕ್ಷೇತ್ರಗಳಲ್ಲಿ ಪ್ಲೇಟ್‌ಲೆಟ್‌ಗಳನ್ನು ಎಣಿಸಿ, ಸರಾಸರಿಯನ್ನು 15,000ದಿಂದ ಗುಣಿಸುವುದು ರೂಢಿ. ಎಣಿಕೆ 38,000 ಇದ್ದರೆ ಒಂದು ಕ್ಷೇತ್ರದಲ್ಲಿ ಎರಡೋ ಮೂರೋ ಕಾಣುತ್ತವೆ, 3.8 ಲಕ್ಷ ಇದ್ದರೆ ಇಪ್ಪತ್ತೈದರ ಆಸುಪಾಸು. ಇದು ಸ್ಥೂಲ ಅಂದಾಜು, ನಿಖರ ಎಣಿಕೆಯಲ್ಲ. ಆದರೂ ಮೂರು ಮತ್ತು ಇಪ್ಪತ್ತೈದರ ನಡುವೆ ಯಾರಿಗೂ ಗೊಂದಲವಾಗದು. ಲೇಪದ ಅಂಚಿನಲ್ಲಿ ಪ್ಲೇಟ್‌ಲೆಟ್‌ಗಳು ಗುಂಪುಗಟ್ಟಿವೆಯೇ ಎಂದೂ ಇದೇ ಹೊತ್ತಿಗೆ ನೋಡಬೇಕು. ಇಡಿಟಿಎ ಕೊಳವೆಯಲ್ಲಿ ಕೆಲವರ ರಕ್ತ ಹೀಗೆ ಗುಂಪುಗಟ್ಟಿ, ಯಂತ್ರ ನಿಜಕ್ಕಿಂತ ಕಡಿಮೆ ಎಣಿಸುತ್ತದೆ. ಅದು ದಶಾಂಶದ ತಪ್ಪಲ್ಲ, ಬೇರೆಯೇ ದೋಷ.

ಇನ್ನೂ ಅನುಮಾನ ಉಳಿದರೆ ನ್ಯೂಬೌರ್ ಕೋಣೆಯಲ್ಲಿ ಕೈಯಿಂದಲೇ ಎಣಿಸಬಹುದು. ಶೇ. 1ರ ಅಮೋನಿಯಂ ಆಕ್ಸಲೇಟ್‌ನಲ್ಲಿ ರಕ್ತವನ್ನು ಇಪ್ಪತ್ತು ಪಟ್ಟು ತೆಳುಮಾಡಿ, ಕಣಗಳು ತಳಕ್ಕೆ ಇಳಿಯಲು ತೇವದ ಮುಚ್ಚಳದಡಿ ಸುಮಾರು ಇಪ್ಪತ್ತು ನಿಮಿಷ ಬಿಟ್ಟು, ನಡುವಿನ ಚೌಕದ ಇಪ್ಪತ್ತೈದೂ ಮನೆಗಳನ್ನು ಎಣಿಸಬೇಕು. ಅಷ್ಟು ಜಾಗದ ಗಾತ್ರ 0.1 ಮೈಕ್ರೋಲೀಟರ್, ಆದ್ದರಿಂದ ಸಿಕ್ಕ ಎಣಿಕೆಯನ್ನು 200ರಿಂದ ಗುಣಿಸಬೇಕು. ಸುಮಾರು 190 ಕಣ ಸಿಕ್ಕರೆ 38,000. ಐದೇ ಮನೆ ಎಣಿಸಿದರೆ ಗುಣಕ 1,000 ಆಗುತ್ತದೆ. ಹೀಗಾಗಿ ಎಷ್ಟು ಮನೆ ಎಣಿಸಿದ್ದೆಂಬುದನ್ನು ಗುಣಕದ ಪಕ್ಕದಲ್ಲೇ ಬರೆದಿಡುವುದು ಅಗತ್ಯ.

ಮೂರನೆಯ ದಾರಿ ರೋಗಿಯ ಹಿಂದಿನ ವರದಿ. 1.32 ಲಕ್ಷ ಎರಡೇ ದಿನದಲ್ಲಿ 3.8 ಲಕ್ಷಕ್ಕೆ ಏರಿದೆ, ಆದರೆ ಬಿಳಿಕಣ 2,400ಕ್ಕೆ ಇಳಿದಿದೆ, ಜ್ವರ ಮೊದಲ ವಾರದಲ್ಲೇ ಇದೆ. ಈ ಮೂರೂ ಒಂದಕ್ಕೊಂದು ಹೊಂದುವುದಿಲ್ಲ. ಹೋಲಿಸುವ ಮೊದಲು ಎರಡೂ ವರದಿಗಳನ್ನು ಪೂರ್ಣ ಸಂಖ್ಯೆಗೆ ತರಬೇಕು: 1,32,000 ಮತ್ತು 3,80,000. ಹೊಂದದಿದ್ದರೆ ವರದಿಯನ್ನು ತಡೆದು, ಯಂತ್ರದ ಮೂಲ ಮುದ್ರಣವನ್ನು ತರಿಸಿ ನೋಡಬೇಕು.

ಪ್ರಮಾಣಪಟ್ಟಿಗೂ ಅದೇ ನಿಯಮ

ಮಕ್ಕಳಿಗೆ ಪ್ಯಾರಸಿಟಮಾಲ್ ಒಂದು ಸಲಕ್ಕೆ ದೇಹತೂಕದ ಪ್ರತಿ ಕಿಲೋಗೆ 10ರಿಂದ 15 ಮಿಲಿಗ್ರಾಂ. 12 ಕಿಲೋ ತೂಕದ ಮಗುವಿಗೆ 15ರ ಲೆಕ್ಕದಲ್ಲಿ 180 ಮಿಲಿಗ್ರಾಂ. ಆದರೆ ಮನೆಯವರು ಅಳೆಯುವುದು ಮಿಲಿಲೀಟರಿನಲ್ಲಿ. 5 ಮಿ.ಲೀ.ಗೆ 120 ಮಿ.ಗ್ರಾಂ. ಇರುವ ಸಿರಪ್ ಆದರೆ 7.5 ಮಿ.ಲೀ., 5 ಮಿ.ಲೀ.ಗೆ 250 ಇರುವುದಾದರೆ 3.6 ಮಿ.ಲೀ., ಪ್ರತಿ ಮಿ.ಲೀ.ಗೆ 100 ಇರುವ ಡ್ರಾಪ್ಸ್ ಆದರೆ 1.8 ಮಿ.ಲೀ. ಪಟ್ಟಿಯಲ್ಲಿ ಬರೀ 7.5 ಮಿ.ಲೀ. ಎಂದಿದ್ದು, ಮನೆಯಲ್ಲಿ ಡ್ರಾಪ್ಸ್ ಬಾಟಲಿ ಇದ್ದರೆ, ಮಗುವಿನ ಹೊಟ್ಟೆಗೆ ಒಂದೇ ಸಲ 750 ಮಿ.ಗ್ರಾಂ. ಸೇರುತ್ತದೆ. ಕಿಲೋಗೆ 15ರಂತೆ ನಾಲ್ಕು ಸಲ ಕೊಟ್ಟರೂ ಇಡೀ ದಿನಕ್ಕೆ ಆಗುವುದು 720. ಯಕೃತ್ತಿಗೆ ಮೊದಲೇ ಪೆಟ್ಟು ಬಿದ್ದಿರಬಹುದಾದ ಕಾಯಿಲೆಯಲ್ಲಿ ಇದು ಸಣ್ಣ ವ್ಯತ್ಯಾಸವಲ್ಲ.

ಇಲ್ಲಿಯೂ ಪಟ್ಟಿಯನ್ನು ಪಟ್ಟಿಯಿಂದಲೇ ಪರೀಕ್ಷಿಸಿ ಪ್ರಯೋಜನವಿಲ್ಲ. ಪಟ್ಟಿ ಮಾಡಿದವರು ತೂಕದಿಂದ ಮಿಲಿಲೀಟರಿಗೆ ಬಂದಿದ್ದಾರೆ. ಪರಿಶೀಲಿಸುವವರು ಅಳತೆ ಬಟ್ಟಲಿನಿಂದ ಹೊರಡಬೇಕು. ಎದುರಿಗಿರುವ ಬಾಟಲಿಯ ಚೀಟಿಯನ್ನೇ ಓದಿ, ಬಟ್ಟಲಿನಲ್ಲಿರುವ ಮಿಲಿಲೀಟರಿಗೆ ಎಷ್ಟು ಮಿಲಿಗ್ರಾಂ ಎಂದು ಲೆಕ್ಕಹಾಕಿ, ಮಗುವಿನ ತೂಕದಿಂದ ಭಾಗಿಸಬೇಕು. ಉತ್ತರ 10ರಿಂದ 15ರ ನಡುವೆ ಬರಬೇಕು. ಡ್ರಾಪ್ಸ್ ಪ್ರಸಂಗದಲ್ಲಿ 750ನ್ನು 12ರಿಂದ ಭಾಗಿಸಿದರೆ 62.5. ತಪ್ಪು ಅಲ್ಲೇ ಬಯಲಾಗುತ್ತದೆ.

ಉಪಸಂಹಾರ

ಈ ವಿಶ್ಲೇಷಣೆಯಿಂದ ಕೆಲವು ಶಿಫಾರಸುಗಳು ಹೊರಡುತ್ತವೆ. ವರದಿಯಲ್ಲಿ ಪ್ಲೇಟ್‌ಲೆಟ್ ಎಣಿಕೆಯನ್ನು ಪೂರ್ಣ ಸಂಖ್ಯೆಯಲ್ಲಿ ಬರೆದು, ಯಂತ್ರದ ಸಂಖ್ಯೆಯನ್ನೂ ಅದರ ಮಾನವನ್ನೂ ಪಕ್ಕದಲ್ಲೇ ಉಳಿಸಬೇಕು. ಲಕ್ಷದಲ್ಲಿ ಬರೆಯಲೇಬೇಕಾದರೆ ಬಿಂದುವಿನ ಹಿಂದೆ ಸೊನ್ನೆ ಇರಲೇಬೇಕು, ಬರೀ .38 ಎಂದು ಬರೆದರೆ ಫೋಟೊ ತೆಗೆದು ಕಳಿಸುವಾಗ ಬಿಂದು ಅಳಿಸಿ 38 ಮಾತ್ರ ಉಳಿಯಬಹುದು. ಔಷಧದ ಪಟ್ಟಿಯಲ್ಲಿ ಪೂರ್ಣಾಂಕದ ಮುಂದೆ ಬಿಂದು-ಸೊನ್ನೆ ಬೇಡ, 5.0 ಎಂಬುದು 50 ಆಗಿ ಕಂಡೀತು. ಫೋನಿನಲ್ಲಿ ಹೇಳುವಾಗ ‘ಮೂವತ್ತೆಂಟು ಸಾವಿರ’ ಎಂದು ಮಾತಿನಲ್ಲಿ ಹೇಳಿ, ಕೇಳಿದವರಿಂದ ಮರಳಿ ಹೇಳಿಸಬೇಕು. ಪ್ರಮಾಣಪಟ್ಟಿಯ ಪ್ರತಿ ಸಾಲಿನಲ್ಲೂ ಮಿಲಿಗ್ರಾಂ, ಮಿಲಿಲೀಟರ್ ಮತ್ತು ಯಾವ ಬಾಟಲಿ ಎಂಬ ಮೂರೂ ಇರಬೇಕು.

ಪ್ಲೇಟ್‌ಲೆಟ್ 50,000ಕ್ಕಿಂತ ಕಡಿಮೆ ಬಂದಾಗ, ಮೊದಲ ವಾರದ ಜ್ವರದಲ್ಲಿ ಅದು ದಿಢೀರನೆ ಸಹಜಕ್ಕೆ ಏರಿದಂತೆ ಕಂಡಾಗ, ರಕ್ತಲೇಪ ನೋಡದೆ ವರದಿ ಹೊರಗೆ ಕೊಡಬಾರದು. ಸೂಕ್ಷ್ಮದರ್ಶಕ ಇರುವ ಯಾವ ಪ್ರಯೋಗಾಲಯದಲ್ಲೂ ಈ ಕೆಲಸಕ್ಕೆ ಕೆಲವೇ ನಿಮಿಷ ಸಾಕು. ಈ ಸೀಮೆಯ ಪ್ರಯೋಗಾಲಯಗಳು ಮುಂದಿನ ಉಣ್ಣಿ ಹಂಗಾಮು ಶುರುವಾಗುವ ಮೊದಲೇ ಒಂದೇ ಮಾನಕ್ಕೆ ಒಪ್ಪಿಕೊಳ್ಳಬೇಕು.