ಊರು ಅಲ್ಲೇ, ಜಿಲ್ಲೆ ಬೇರೆ

ಗ್ರಾಹಕರ ವಿಳಾಸದ ಇತಿಹಾಸ ಉಳಿಸುವ ಮಾತು ಬಂದರೆ ಇಂದಿನ ಹುಡುಗರ ಉತ್ತರ ಒಂದೇ: ಟೇಬಲಿನ ಪೂರ್ತಿ ನಕಲನ್ನು ದಿನಾ ಇಟ್ಟುಕೊಳ್ಳಿ, ಡಿಸ್ಕ್ ಅಗ್ಗ, ಹಳೆಯ ಟೈಪ್ 2 ರಗಳೆ ಯಾಕೆ? ಈ ಉತ್ತರ ಮಕ್ತಲ್‌ನಲ್ಲಿ ಎಡವುತ್ತದೆ. ಅಲ್ಲಿ ಹಳೆಯ ಅಂಗಡಿಯೊಂದರ ಸೀರೆ ವ್ಯಾಪಾರಿ ಎಲ್ಲಿಗೂ ಹೋಗದೆಯೇ 2014ರ ಜೂನ್ 2ರಂದು ಆಂಧ್ರದಿಂದ ತೆಲಂಗಾಣದವರಾದರು, 2019ರ ಫೆಬ್ರುವರಿ 17ರಂದು ಮಹಬೂಬ್‌ನಗರ ಜಿಲ್ಲೆಯಿಂದ ನಾರಾಯಣಪೇಟೆ ಜಿಲ್ಲೆಯವರಾದರು.

ಆರಂಭದ ಕಥೆ ಚಿಕ್ಕದು. ವೇರ್‌ಹೌಸಿನ ದತ್ತಾಂಶಕ್ಕೆ ಕಾಲದ ಗುರುತು ಇರಬೇಕೆಂದು ತೊಂಬತ್ತರ ದಶಕದ ಮೊದಲಲ್ಲೇ ಬಿಲ್ ಇನ್ಮನ್ ಹೇಳಿದ್ದರು. ಹೇಗೆಂದು ತೋರಿಸಿದ್ದು 1996ರಲ್ಲಿ ಬಂದ ರಾಲ್ಫ್ ಕಿಂಬಲ್ ಅವರ ಪುಸ್ತಕ. ಟೈಪ್ 1 ಎಂದರೆ ಹಳೆಯದರ ಮೇಲೆ ಹೊಸದನ್ನು ಬರೆಯುವುದು. ಟೈಪ್ 3 ಎಂದರೆ ಹಿಂದಿನ ಮೌಲ್ಯಕ್ಕೆ ಇನ್ನೊಂದು ಕಾಲಂ. ಎರಡನೆಯದು ಟೈಪ್ 2. ನಮ್ಮ ಪೀಳಿಗೆಯ ಅನ್ನ ಬೆಂದದ್ದು ಅದರಲ್ಲೇ.

ರಾತ್ರಿ ಓಡುವ ಪ್ರೊಸೀಜರ್ ಮೂಲ ಟೇಬಲನ್ನು ಡೈಮೆನ್ಷನ್ ಟೇಬಲಿಗೆ ಹೋಲಿಸಿ ನೋಡುತ್ತಿತ್ತು. ಬದಲಾದ ಗ್ರಾಹಕನ ಹಳೆಯ ಸಾಲಿಗೆ ಮುಗಿದ ದಿನ ಹಾಕಿ, ಹೊಸ ಸಾಲಿಗೆ ಹೊಸ ಸರೋಗೇಟ್ ಕೀ ಕೊಡುತ್ತಿತ್ತು. ಮಾರಾಟದ ಸಾಲು ಅಂದಂದಿನ ಕೀಯನ್ನು ಹೊತ್ತುಕೊಂಡೇ ಒಳಬರುತ್ತಿತ್ತು. ಆ ಕೀ ಹುಡುಕುವ ಜಾಯಿನ್ ಇದು:

```sql
JOIN dim_customer c
  ON c.customer_id = f.customer_id
 AND f.sale_date >= c.valid_from
 AND f.sale_date <  c.valid_to
```

ಎರಡನೆಯ ಹೋಲಿಕೆಯಲ್ಲಿ `<=` ಹಾಕಿದರೆ, ಬದಲಾವಣೆಯಾದ ದಿನದ ಮಾರಾಟ ಎರಡೂ ಸಾಲಿಗೆ ಅಂಟಿ ಮೊತ್ತ ಉಬ್ಬುತ್ತದೆ. ಚಾಲ್ತಿ ಸಾಲಿನ `valid_to` ಖಾಲಿ ಬಿಟ್ಟರೆ ಹೊಸ ಮಾರಾಟವೇ ಕಾಣೆಯಾಗುತ್ತದೆ. `9999-12-31` ಹಾಕುವುದು ಅದಕ್ಕೇ.

ಮಕ್ತಲ್‌ನ ವ್ಯಾಪಾರಿಯನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಅವರ ಸಾಲಿನ ಕೀ 81, ಜಿಲ್ಲೆ ಮಹಬೂಬ್‌ನಗರ. ಬಿಲ್ಲಿಂಗ್ ತಂತ್ರಾಂಶಕ್ಕೆ ಹೊಸ ಜಿಲ್ಲೆ ಸೇರಿದ್ದು ಜೂನ್ 3ಕ್ಕೆ ಎಂದಿಟ್ಟುಕೊಳ್ಳಿ. ಆ ರಾತ್ರಿ 81 ಮುಗಿದು 96 ಹುಟ್ಟುತ್ತದೆ, ಶುರುವಿನ ದಿನವೂ ಜೂನ್ 3 ಎಂದೇ ದಾಖಲಾಗುತ್ತದೆ. ಫೆಬ್ರುವರಿ 17ರಿಂದ ಅಲ್ಲಿಯವರೆಗಿನ ಮಾರಾಟವೆಲ್ಲ ಆಗ ತಪ್ಪು ಜಿಲ್ಲೆಯ ಖಾತೆಯಲ್ಲಿ ಉಳಿಯುತ್ತದೆ. ತಿದ್ದಬೇಕಾದರೆ ಎರಡೂ ಸಾಲುಗಳ ಗಡಿಯನ್ನು ಫೆಬ್ರುವರಿ 17ಕ್ಕೆ ಸರಿಸಿ, ಆ ನಡುವಿನ ಮಾರಾಟಗಳ ಕೀಯನ್ನು 81ರಿಂದ 96ಕ್ಕೆ ಬದಲಿಸಬೇಕು. ಡೈಮೆನ್ಷನನ್ನು ಮಾತ್ರ ತಿದ್ದಿ ಮಾರಾಟದ ಟೇಬಲ್ ಮರೆಯುವವರೇ ಹೆಚ್ಚು.

2018ರಲ್ಲಿ ಮ್ಯಾಕ್ಸಿಮ್ ಬೋಶ್ಮೆಂ ದಿನದ ನಕಲುಗಳ ಪರವಾಗಿ ಬರೆದರು. ಅವರ ವಾದದಲ್ಲಿ ತೂಕವಿದೆ: ಕೆಟ್ಟ ಲೋಡನ್ನು ಮತ್ತೆ ಓಡಿಸುವುದು ನಿಜಕ್ಕೂ ಸುಲಭವಾಗುತ್ತದೆ. ಅವರ ಹಿಂಬಾಲಕರು ಮಾತ್ರ ನಕಲನ್ನೇ ಇತಿಹಾಸ ಎಂದುಕೊಂಡರು. 2019ರ ಮಾರ್ಚ್‌ನ ನಕಲು ಮಕ್ತಲ್ ಇನ್ನೂ ಮಹಬೂಬ್‌ನಗರದಲ್ಲಿದೆ ಎನ್ನುತ್ತದೆ. ತಂತ್ರಾಂಶಕ್ಕೆ ಗೊತ್ತಿದ್ದುದಷ್ಟೇ ಅದರಲ್ಲಿ ಇರಲು ಸಾಧ್ಯ. ಈಗ ಜನಪ್ರಿಯವಾಗಿರುವ ಡಿಬಿಟಿ ಸ್ನ್ಯಾಪ್‌ಶಾಟ್‌ನಲ್ಲಿ ಕಾಲಂಗಳನ್ನು ಹೋಲಿಸುವ `check` ವಿಧಾನವೂ ಹೀಗೇ. ಅದರ `dbt_valid_from` ಹೇಳುವುದು ಸ್ನ್ಯಾಪ್‌ಶಾಟ್ ಓಡಿದ ಹೊತ್ತನ್ನು.

ಜಿಲ್ಲೆ ನಿಜವಾಗಿ ಬದಲಾದ ದಿನ ಒಂದು, ನಮಗೆ ತಿಳಿದ ದಿನ ಇನ್ನೊಂದು. ಇವೆರಡನ್ನೂ ಎಸ್‌ಕ್ಯುಎಲ್‌ನಲ್ಲಿ ಹಿಡಿದಿಡುವುದು ಹೇಗೆಂದು ರಿಚರ್ಡ್ ಸ್ನಾಡ್‌ಗ್ರಾಸ್ 1999ರ ಪುಸ್ತಕದಲ್ಲೇ ವಿವರಿಸಿದ್ದರು, 2011ರ ಎಸ್‌ಕ್ಯುಎಲ್ ಮಾನದಂಡದಲ್ಲಿ ಎರಡಕ್ಕೂ ಜಾಗ ಸಿಕ್ಕಿತು. ಆದರೂ 2016ರ ಎಸ್‌ಕ್ಯುಎಲ್ ಸರ್ವರ್‌ನ ಟೆಂಪೊರಲ್ ಟೇಬಲ್‌ಗಳು ತಾವಾಗಿ ಬರೆದಿಡುವುದು ಎರಡನೆಯದನ್ನು ಮಾತ್ರ. ಮೊದಲನೆಯದನ್ನು ರಾಜಪತ್ರ ನೋಡಿ ಮನುಷ್ಯರೇ ತುಂಬಬೇಕು.

ಪಠ್ಯಪುಸ್ತಕಗಳಲ್ಲಿ ಮನೆ ಬದಲಿಸುವವನು ಗ್ರಾಹಕ. ಸರ್ಕಾರ ಗಡಿ ಬದಲಿಸಿದ ಉದಾಹರಣೆ ಅಲ್ಲಿ ಅಪರೂಪ. ಹಾಗಾಗಿ ಟೈಪ್ 2 ಸಾಲುಗಳನ್ನು ಎಣಿಸಿ ಮಾಡಿದ 'ಊರು ಬಿಟ್ಟ ಗ್ರಾಹಕರು' ಎಂಬ ವರದಿಯಲ್ಲಿ ಮಕ್ತಲ್‌ಗೆ ಮಕ್ತಲೇ ಒಂದೇ ರಾತ್ರಿ ಗುಳೆ ಹೊರಟಂತೆ ಕಾಣುತ್ತದೆ. ಪತ್ತೆ ಕಷ್ಟವಲ್ಲ: ಬೀದಿ ಅದೇ, ಪಿನ್‌ಕೋಡ್ 509208 ಅದೇ, ಜಿಲ್ಲೆ ಮಾತ್ರ ಬೇರೆಯಾಗಿದ್ದರೆ ಸರಿದದ್ದು ಗಡಿ. ಕೆಲವೊಮ್ಮೆ ಅದೂ ಅಲ್ಲ, ಯಾರೋ `Maktal` ಅನ್ನು `Makthal` ಎಂದು ತಿದ್ದಿರುತ್ತಾರೆ. ಅದಕ್ಕೆ ಟೈಪ್ 1 ಸಾಕು.

ನನ್ನ ಮಟ್ಟಿಗೆ ಜಿಲ್ಲೆ ಗ್ರಾಹಕನ ಗುಣವೇ ಅಲ್ಲ, ಊರಿನದು. ಊರಿಗೊಂದು ಪ್ರತ್ಯೇಕ ಟೇಬಲ್ ಮಾಡಿ, ಜಿಲ್ಲೆ ಯಾವ ದಿನದಿಂದ ಯಾವ ದಿನದವರೆಗೆ ಎಂಬುದನ್ನೂ ನಮಗೆ ತಿಳಿದ ದಿನವನ್ನೂ ಅಲ್ಲಿಡಬೇಕು. ಗ್ರಾಹಕನ ಸಾಲಿನಲ್ಲಿ ಊರಿನ ಸಂಖ್ಯೆ ಇದ್ದರೆ ಸಾಕು. ಆಗ 2019ರ ಬದಲಾವಣೆಗೆ ಊರಿಗೊಂದೇ ಹೊಸ ಸಾಲು. 2018ಕ್ಕೂ 2020ಕ್ಕೂ ನಾರಾಯಣಪೇಟೆಯ ಮಾರಾಟ ಹೋಲಿಸುವವರು ಇಂದಿನ ಜಿಲ್ಲೆ ಹಿಡಿಯುತ್ತಾರೆ, ಹಳೆಯ ಬಿಲ್ ಪರಿಶೀಲಿಸುವವರು ಅಂದಿನದನ್ನು. ನಾನು ನೋಡಿದ ಬಹುತೇಕ ವೇರ್‌ಹೌಸ್‌ಗಳಲ್ಲಿ ಮಾತ್ರ ಊರು, ತಾಲ್ಲೂಕು, ಜಿಲ್ಲೆ ಇನ್ನೂ `address_line_2` ಎಂಬ ಒಂದೇ ಕಾಲಂನಲ್ಲಿ ಒಟ್ಟಿಗಿವೆ.